ಐದು ವರ್ಷದ ಸ್ಕೋರ್‌ಕಾರ್ಡ್ ಒಂದೇ ಸಮನೆ ಮೇಲೇರುತ್ತಿದ್ದರೆ, ಸಹಿ ಹಾಕುವ ಮುನ್ನ ಇದನ್ನು ಓದಿ

ವೆಂಡರ್ ರೇಟಿಂಗ್ ಮಾಡುವವರಿಗೆ, ಅದಕ್ಕಿಂತ ಹೆಚ್ಚಾಗಿ ಬೇರೆಯವರು ಮಾಡಿಕೊಟ್ಟ ಸಾರಾಂಶ ನೋಡಿ ಸಹಿ ಹಾಕುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಾರ್ಖಾನೆ ಪಂಪ್ ತಯಾರಿಸುತ್ತದೆ. ಪಂಪಿನ ಅಲ್ಯೂಮಿನಿಯಂ ಹೌಸಿಂಗ್ ಪೀಣ್ಯದ ಒಂದು ಡೈ ಕಾಸ್ಟಿಂಗ್ ಶಾಪಿನಿಂದ ಬರುತ್ತದೆ. 2023ರಲ್ಲಿ ಖರೀದಿ ವಿಭಾಗದವರು ಒಂದು ಪುಟದ ಸಾರಾಂಶ ಮಂಡಿಸಿದರು. 2018-19ರಿಂದ 2022-23ರವರೆಗೆ ಆ ವೆಂಡರ್‌ನ ಒಟ್ಟು ಅಂಕ 74, 77, 83, 88, 91. ಕೆಳಗೆ ಮೂರು ಹಸಿರು ಬಾಣ: ಡೆಲಿವರಿ ಸುಧಾರಣೆ, ಕ್ವಾಲಿಟಿ ಸುಧಾರಣೆ, ಸ್ಪಂದನೆ ಸುಧಾರಣೆ. ಆ ಪುಟವನ್ನು ನಂಬಿ ಎರಡನೇ ವೆಂಡರ್‌ನನ್ನು ಬಿಟ್ಟರು, ಅವನ ಹತ್ತಿರ ಇದ್ದ ಎರಕದ ಅಚ್ಚು, ಅಂದರೆ ಡೈಯನ್ನೂ ಇವನ ಶಾಪಿಗೆ ಸಾಗಿಸಿದರು. ದೀಪಾವಳಿಯ ಹೊತ್ತಿಗೆ ಲೀಕ್ ಟೆಸ್ಟಿನಲ್ಲಿ ಹೌಸಿಂಗ್‌ಗಳು ಸಾಲುಸಾಲಾಗಿ ಫೇಲ್ ಆಗಿ ಅಸೆಂಬ್ಲಿ ಲೈನ್ ನಿಂತಿತು. ಬದಲಿ ಮಾಲು ಕೊಡಲು ಬೇರೆ ಯಾರೂ ಇರಲಿಲ್ಲ.

ಹೀಗೇಕಾಯಿತು ನೋಡು ಎಂದು ಹಳೆಯ ಫೈಲುಗಳನ್ನು ಸಪ್ಲೈಯರ್ ಕ್ವಾಲಿಟಿಯಲ್ಲಿರುವ ನನ್ನ ಮೇಜಿಗೆ ತಂದು ಹಾಕಿದರು. ಸಿಕ್ಕಿದ್ದನ್ನು ಹೇಳುತ್ತೇನೆ. ವೆಂಡರ್‌ನ ಗುರುತು ಸಿಗದಿರಲೆಂದು ಅಂಕಿಗಳನ್ನು ತುಸು ತಿರುವಿದ್ದೇನೆ, ಕಥೆಯ ಜಾಡು ಬದಲಾಗಿಲ್ಲ.

ಮೊದಲೇ ಒಂದು ಮಾತು. ಆ ಪುಟದಲ್ಲಿ ಒಂದೇ ಒಂದು ಅಂಕಿಯೂ ಸುಳ್ಳಾಗಿರಲಿಲ್ಲ. ಪ್ರತಿ ವರ್ಷದ ಸ್ಕೋರ್‌ಕಾರ್ಡ್ ಆ ವರ್ಷದ ನಿಯಮದಂತೆ ಸರಿಯಾಗಿಯೇ ಇತ್ತು. ಆದರೆ ಹೂವಿನಂಗಡಿಯಲ್ಲಿ ಐದು ಬೇರೆ ಬೇರೆ ಜನರ ಕೈಯಲ್ಲಿ ಮೊಳ ಹಾಕಿಸಿ, ಮಾಲೆ ಬೆಳೆಯುತ್ತಿದೆ ಎಂದ ಹಾಗೆ ಆಗಿತ್ತು.

ಡೆಲಿವರಿಯಿಂದ ಶುರು ಮಾಡೋಣ. ಇಂಥ ದಿನ ಇಷ್ಟು ಮಾಲು ಬರಬೇಕು ಎಂದು ಗೊತ್ತುಮಾಡಿದ ಕಂತೇ ಶೆಡ್ಯೂಲ್. 2018-19ರಲ್ಲಿ 240 ಶೆಡ್ಯೂಲ್‌ಗಳಲ್ಲಿ 197 ಹೊತ್ತಿಗೆ ಬಂದಿದ್ದವು, ಅಂದರೆ ಶೇ. 82. 2022-23ರಲ್ಲಿ 300ರಲ್ಲಿ 285, ಶೇ. 95. ನೋಡಲು ಚೆಂದ. ಆದರೆ ಯಾವ ತಾರೀಖಿಗೆ ಹೋಲಿಸಿ ‘ಹೊತ್ತಿಗೆ’ ಎನ್ನುತ್ತಿದ್ದೇವೆ? ಸ್ಯಾಪ್ ಸಾಫ್ಟ್‌ವೇರ್ ಬಳಸುವವರಿಗೆ ಗೊತ್ತಿರುತ್ತದೆ, ಪರ್ಚೇಸ್ ಆರ್ಡರ್‌ನ ಪ್ರತಿ ಶೆಡ್ಯೂಲಿಗೂ EKET ಟೇಬಲ್‌ನಲ್ಲಿ ಎರಡು ತಾರೀಖುಗಳಿವೆ. `EINDT` ಈಗಿನ ಡೆಲಿವರಿ ತಾರೀಖು. `SLFDT` ವೆಂಡರ್‌ನ ಮೌಲ್ಯಮಾಪನಕ್ಕೆಂದೇ ಇರುವ ತಾರೀಖು. ಬಯ್ಯರ್ ಡೆಲಿವರಿ ತಾರೀಖನ್ನು ಮುಂದೆ ಹಾಕಿದರೂ ನಮ್ಮಲ್ಲಿ ಎರಡನೆಯದನ್ನು ಯಾರೂ ಮುಟ್ಟಿರಲಿಲ್ಲ, ಹಾಗಾಗಿ ಮೊದಲು ಒಪ್ಪಿಕೊಂಡ ತಾರೀಖು ಅಲ್ಲಿ ಉಳಿದಿತ್ತು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂತು. ತೆರೆದಿದ್ದ ಆರ್ಡರ್‌ಗಳ ತಾರೀಖುಗಳನ್ನೆಲ್ಲ ಬದಲಿಸಬೇಕಾಯಿತು. ಮುಚ್ಚಿದ್ದ ಶಾಪಿಗೆ ‘ಲೇಟ್’ ಎಂದು ಅಂಕ ಕಡಿಯುವುದು ಅನ್ಯಾಯ ಎಂದು ಖರೀದಿ ವಿಭಾಗದ ಯಾರೋ ರಿಪೋರ್ಟನ್ನು `SLFDT`ಯಿಂದ `EINDT`ಗೆ ತಿರುಗಿಸಿದರು. ಆ ಹೊತ್ತಿಗೆ ಅದು ಸರಿಯೇ. ಆಮೇಲೆ ಹಿಂದಕ್ಕೆ ತಿರುಗಿಸಲಿಲ್ಲ, ಅಷ್ಟೆ. ಅಂದಿನಿಂದ ವೆಂಡರ್ ಫೋನ್ ಮಾಡಿ “ಸಾರ್, ಇನ್ನೊಂದು ವಾರ ಕೊಡಿ” ಎಂದರೆ ಬಯ್ಯರ್ ತಾರೀಖು ಮುಂದೆ ಹಾಕುತ್ತಿದ್ದರು, ಮಾಲು ಹೊಸ ತಾರೀಖಿಗೆ ಬಂದರೆ ನೂರಕ್ಕೆ ನೂರು ಅಂಕ. ಬಯ್ಯರ್‌ನ ಸ್ವಂತ ವಾರ್ಷಿಕ ಗುರಿಯಲ್ಲೂ ಇದೇ ಶೇಕಡಾವಾರು ಇತ್ತು ಎಂಬುದನ್ನು ಇಲ್ಲಿ ಸುಮ್ಮನೆ ನೆನಪಿಸುತ್ತೇನೆ.

ಹಳೆಯ ತಾರೀಖಿಗೇ ಹೋಲಿಸಿ ಲೆಕ್ಕ ಮಾಡಿದಾಗ 2022-23ರಲ್ಲಿ ಹೊತ್ತಿಗೆ ಬಂದದ್ದು 300ರಲ್ಲಿ 225, ಶೇ. 75. ಇಲ್ಲೇ ನಿಲ್ಲಿಸಿ “95 ಅಲ್ಲ, 75” ಎಂದು ಕೂಗುವುದೂ ತಪ್ಪಾಗುತ್ತಿತ್ತು. ತಾರೀಖು ಬದಲಾದ 60 ಶೆಡ್ಯೂಲ್‌ಗಳ ಬದಲಾವಣೆ ದಾಖಲೆ ಮತ್ತು ಮೇಲ್‌ಗಳನ್ನು ತೆಗೆದು ನೋಡಿದೆ. ಅದರಲ್ಲಿ 18 ನಮ್ಮದೇ ಪ್ಲಾನಿಂಗ್‌ನವರು “ಈಗ ಬೇಡ, ಸ್ಟೋರಿನಲ್ಲಿ ಜಾಗವಿಲ್ಲ” ಎಂದು ಮುಂದೂಡಿದ್ದು. ಅವನ್ನು ವೆಂಡರ್‌ನ ತಲೆಗೆ ಕಟ್ಟುವಂತಿಲ್ಲ. ಸೇರಿಸಿದರೆ 243, ಶೇ. 81. 2018-19ರಲ್ಲಿ ಇಂಥ ಮುಂದೂಡಿಕೆ ಬೆರಳೆಣಿಕೆಯಷ್ಟು ಮಾತ್ರ ಇದ್ದದ್ದರಿಂದ ಅಲ್ಲಿನ 82 ಹೆಚ್ಚುಕಡಿಮೆ ಹಾಗೆಯೇ ನಿಲ್ಲುತ್ತದೆ. ಅಂದರೆ ಐದು ವರ್ಷದಲ್ಲಿ ಇವನು ಮೇಲಕ್ಕೂ ಹೋಗಿಲ್ಲ, ಕೆಳಕ್ಕೂ ಬಿದ್ದಿಲ್ಲ.

ಬಿದ್ದದ್ದು ಬೇರೆ ಕಡೆ. ಮೊದಲು ತಡವಾದ ಮಾಲು ಮೂರು ನಾಲ್ಕು ದಿನಕ್ಕೆ ಬರುತ್ತಿತ್ತು. ಕೊನೆಯ ವರ್ಷದಲ್ಲಿ ತಡವಾದರೆ ಎರಡು ವಾರ, ಕೆಲವು ಮೂರು ವಾರ. ಹೊತ್ತಿಗೆ ಬಂತೋ ಇಲ್ಲವೋ ಎಂದು ಮಾತ್ರ ಕೇಳುವ ಶೇಕಡಾವಾರಿಗೆ ಇದು ಕಾಣುವುದಿಲ್ಲ. ನಮ್ಮ ಬಳಿ ಇದ್ದದ್ದು ಒಂದು ವಾರದ ದಾಸ್ತಾನು. ಮೂರು ದಿನದ ತಡ ಅದರಲ್ಲಿ ಕರಗಿಹೋಗುತ್ತದೆ, ಮೂರು ವಾರದ ತಡ ಲೈನನ್ನೇ ನಿಲ್ಲಿಸುತ್ತದೆ.

ಅದೇ ಪುಟದಲ್ಲಿ ಇನ್ನೊಂದು ಸಣ್ಣ ಕಿತಾಪತಿ ಇತ್ತು. 2020-21ರ ಡೆಲಿವರಿ ಅಂಕವನ್ನು ನಾಲ್ಕು ತ್ರೈಮಾಸಿಕಗಳ ಸರಾಸರಿ ತೆಗೆದು ಬರೆದಿದ್ದರು: 100, 78, 80, 82, ಸರಾಸರಿ 85. ಆ ನೂರು ಏಪ್ರಿಲ್-ಜೂನ್‌ನದು, ಆಗ ಬಂದದ್ದೇ ನಾಲ್ಕು ಶೆಡ್ಯೂಲ್. ಉಳಿದ ಮೂರು ತ್ರೈಮಾಸಿಕಗಳಲ್ಲಿ ತಲಾ ಐವತ್ತರ ಆಸುಪಾಸು ಶೆಡ್ಯೂಲ್ ಬಂದಿದ್ದವು. ಶೆಡ್ಯೂಲ್‌ಗಳನ್ನೇ ಕೂಡಿಸಿ ಭಾಗಿಸಿದರೆ ಸುಮಾರು 80.

ಇನ್ನು ಕ್ವಾಲಿಟಿ. ಇದರಲ್ಲೇ ನಮಗೆ ಅಪಾಯ ಅಡಗಿದ್ದದ್ದು. ಹತ್ತು ಲಕ್ಷಕ್ಕೆ ಎಷ್ಟು ತಿರಸ್ಕೃತ ಎಂಬ ಪಿಪಿಎಂ ಲೆಕ್ಕದಲ್ಲಿ 2018-19ರಲ್ಲಿ 60,000 ಹೌಸಿಂಗ್ ಬಂದು, ಇನ್‌ಕಮಿಂಗ್ ಇನ್‌ಸ್ಪೆಕ್ಷನ್‌ನಲ್ಲಿ 150 ತಿರಸ್ಕೃತವಾಗಿದ್ದವು: 2,500 ಪಿಪಿಎಂ. 2022-23ರಲ್ಲಿ 90,000 ಬಂದು 27 ತಿರಸ್ಕೃತ: 300 ಪಿಪಿಎಂ. ಎಂಟು ಪಟ್ಟು ಸುಧಾರಣೆ! ಇಂಥ ಸುಧಾರಣೆ ಕಂಡಾಗ ಹೊಸ ಮೆಷಿನ್ ಬಂತಾ, ಡೈ ಬದಲಾಯಿತಾ, ಮೆಟಲ್ ಕರಗಿಸುವ ವಿಧಾನ ಬದಲಾಯಿತಾ ಎಂದು ಯಾರಾದರೂ ಕೇಳಬೇಕಿತ್ತು. ಶಾಪಿನಲ್ಲಿ ಇದ್ಯಾವುದೂ ಬದಲಾಗಿರಲಿಲ್ಲ. ಬದಲಾಗಿದ್ದು ನಮ್ಮ ಗೇಟಿನಲ್ಲಿ. 2021-22ರಿಂದ ಆ ವೆಂಡರ್‌ಗೆ ‘ಸೆಲ್ಫ್ ಸರ್ಟಿಫೈಡ್’ ದರ್ಜೆ ಕೊಟ್ಟಿದ್ದರು. ಅವನು ತನ್ನ ಟೆಸ್ಟ್ ರಿಪೋರ್ಟ್ ಜೊತೆಗಿಟ್ಟು ಕಳಿಸುತ್ತಾನೆ, ಮಾಲು ಲಾರಿಯಿಂದ ನೇರ ಸ್ಟೋರಿಗೆ. ನಾವು ಅಪರೂಪಕ್ಕೆ ಒಂದು ಲಾಟ್ ತೆಗೆದು ನೋಡುತ್ತೇವೆ. ನೋಡದೆ ಇದ್ದರೆ ತಿರಸ್ಕಾರ ಎಲ್ಲಿಂದ ಬರಬೇಕು?

ಕೆಟ್ಟ ಮಾಲು ಎಲ್ಲೂ ಮಾಯವಾಗಿರಲಿಲ್ಲ. ಡೈ ಕಾಸ್ಟಿಂಗ್‌ನಲ್ಲಿ ಒಳಗೆ ಗಾಳಿ ಸಿಕ್ಕಿ ಆಗುವ ಸೂಕ್ಷ್ಮ ರಂಧ್ರ ಹೊರಗಿನಿಂದ ಕಾಣುವುದಿಲ್ಲ. ಬೋರ್ ಮೆಷಿನಿಂಗ್ ಮಾಡುವಾಗ ಮೇಲಿನ ಗಟ್ಟಿ ಪದರ ಹೋಗಿ ಒಳಗಿನದು ತೆರೆದುಕೊಳ್ಳುತ್ತದೆ, ಲೀಕ್ ಟೆಸ್ಟಿನಲ್ಲಿ ಬಯಲಾಗುತ್ತದೆ. ಮೆಷಿನಿಂಗ್ ಮತ್ತು ಲೀಕ್ ಟೆಸ್ಟ್ ಎರಡೂ ನಮ್ಮಲ್ಲೇ. ಆ ತಿರಸ್ಕಾರ ಪ್ರೊಡಕ್ಷನ್‌ನವರ ಲೈನ್ ರಿಜೆಕ್ಷನ್ ಪುಸ್ತಕದಲ್ಲಿ ಬರೆಯಲಾಗುತ್ತದೆ, ಡೆಬಿಟ್ ನೋಟ್ ಮೂಲಕ ವೆಂಡರ್‌ಗೆ ವಾಪಸ್ ಹೋಗುತ್ತದೆ, ಸ್ಕೋರ್‌ಕಾರ್ಡಿನೊಳಗೆ ಬರುವುದೇ ಇಲ್ಲ. ಮೂರನೆಯ ದಾರಿ ಡೀವಿಯೇಷನ್: ಅಳತೆ ಸ್ವಲ್ಪ ಆಚೀಚೆ ಇದೆ, ತುರ್ತು, ಈ ಸಲ ಬಳಸಿಕೊಳ್ಳಿ ಎಂದು ಡಿಸೈನ್‌ನವರ ಸಹಿ ಪಡೆದು ಒಳಗೆ ಬಿಟ್ಟ ಮಾಲು. ಅದು ಸಹ ಲೆಕ್ಕದಲ್ಲಿ ಒಳ್ಳೆಯ ಮಾಲೇ.

ಮೂರನ್ನೂ ಕೂಡಿಸಿದೆ, ಎರಡೂ ವರ್ಷಕ್ಕೆ. 2018-19ರಲ್ಲಿ ಇನ್‌ಕಮಿಂಗ್ 150, ಲೈನಿನಲ್ಲಿ 18, ಡೀವಿಯೇಷನ್ 12, ಒಟ್ಟು 180: 3,000 ಪಿಪಿಎಂ. 2022-23ರಲ್ಲಿ 27, 261, 72, ಒಟ್ಟು 360: 4,000 ಪಿಪಿಎಂ. 2,500ರಿಂದ 300ಕ್ಕೆ ಇಳಿದಂತೆ ಕಂಡದ್ದು ನಿಜದಲ್ಲಿ 3,000ದಿಂದ 4,000ಕ್ಕೆ ಏರಿತ್ತು. ಹಳೆಯ ವರ್ಷಕ್ಕೂ ಲೈನ್ ರಿಜೆಕ್ಷನ್ ಸೇರಿಸಲೇಬೇಕು, ಹೊಸ ವರ್ಷಕ್ಕೆ ಮಾತ್ರ ಸೇರಿಸಿದರೆ ನಾವೇ ಇನ್ನೊಂದು ಮೋಸದ ಗೆರೆ ಎಳೆದಂತೆ.

ನಿಮ್ಮಲ್ಲೂ ಹೀಗಿದೆಯೇ ಎಂದು ತಿಳಿಯಲು ಸುಲಭದ ದಾರಿ ಡೆಬಿಟ್ ನೋಟ್‌ಗಳು. ಅಕೌಂಟ್ಸ್‌ನವರನ್ನು ಕೇಳಿ ಆ ವೆಂಡರ್ ಹೆಸರಿನ ಡೆಬಿಟ್ ನೋಟ್ ಮೊತ್ತವನ್ನು ವರ್ಷವಾರು ತೆಗೆಸಿಕೊಳ್ಳಿ. ಪಿಪಿಎಂ ಇಳಿಯುತ್ತಿದ್ದು ಡೆಬಿಟ್ ಮೊತ್ತ ಏರುತ್ತಿದ್ದರೆ, ಬೆಲೆ ಏರಿಕೆ, ಪ್ರಮಾಣದ ಏರಿಕೆ ಕಳೆದ ಮೇಲೂ ಏರುತ್ತಿದ್ದರೆ, ಸ್ಕೋರ್‌ಕಾರ್ಡ್ ಬೇರೆಲ್ಲೋ ನೋಡುತ್ತಿದೆ ಎಂದರ್ಥ.

ಸ್ಪಂದನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರ ಅರ್ಧ ಅಂಕ ಬಯ್ಯರ್‌ನ ಅಭಿಪ್ರಾಯವೇ ಆಗಿತ್ತು, ಐದು ವರ್ಷದಲ್ಲಿ ಮೂವರು ಬಯ್ಯರ್ ಬದಲಾಗಿದ್ದರು. ಉಳಿದರ್ಧ ದೂರಿಗೆ 48 ಗಂಟೆಯೊಳಗೆ ಉತ್ತರ ಬಂತೇ ಎಂಬುದು. ಬರುತ್ತಿತ್ತು. “ಮಾಲನ್ನು ಬೇರ್ಪಡಿಸಿದ್ದೇವೆ, ವಿಶ್ಲೇಷಣೆ ನಡೆಯುತ್ತಿದೆ” ಎಂಬ ಮೇಲ್ 48 ಗಂಟೆಯಲ್ಲ, ನಾಲ್ಕು ಗಂಟೆಯಲ್ಲೇ ಬರುತ್ತಿತ್ತು. ದೂರಿನ ಕಾರಣ ಹುಡುಕಿ ಸರಿಪಡಿಸಿದ್ದನ್ನು ಬರೆದುಕೊಡುವ 8ಡಿ ರಿಪೋರ್ಟಿನ ಮೂಲ ಕಾರಣದ ಜಾಗದಲ್ಲಿ ‘ಆಪರೇಟರ್‌ಗೆ ತರಬೇತಿ ಕೊಡಲಾಗಿದೆ’ ಎಂದು ಕೊನೆಯ ವರ್ಷದಲ್ಲಿ ಒಂದೇ ಲೀಕ್ ದೂರಿಗೆ ಮೂರು ಸಲ ಬರೆದಿದ್ದಾರೆ. ದೂರು ಮುಗಿಯಲು ಹಿಡಿದ ದಿನಗಳ ಸರಾಸರಿಯೂ ಇಳಿದಿತ್ತು, ಕಾರಣ ಇನ್ನೂ ಮುಗಿಯದ ದೂರುಗಳು ಆ ಸರಾಸರಿಯೊಳಗೆ ಸೇರುವುದಿಲ್ಲ. ವರ್ಷದ ಕೊನೆಗೆ ಒಂಬತ್ತರಲ್ಲಿ ಮೂರು ತೆರೆದೇ ಇದ್ದವು, ಮೂರೂ ಲೀಕ್‌ನವು. ಲೈನ್ ನಿಲ್ಲುವ ಮುನ್ಸೂಚನೆ ಇಡೀ ಕಡತದಲ್ಲಿ ಎಲ್ಲಾದರೂ ಸ್ಪಷ್ಟವಾಗಿ ಇದ್ದರೆ ಅದು ಇಲ್ಲಿ.

ವೆಂಡರ್‌ನನ್ನು ಕರೆಸಿ ಈ ಲೆಕ್ಕ ತೋರಿಸಿದಾಗ ಅವರು ವಾದ ಮಾಡಲಿಲ್ಲ. “ನೀವೇ ವರ್ಷಾ ವರ್ಷ ಎ ಗ್ರೇಡ್ ಕೊಟ್ಟಿದ್ದೀರಿ ಸಾರ್. ಎ ಗ್ರೇಡ್ ಇಟ್ಕೊಂಡು ಡೈಯೊಳಗಿನ ಗಾಳಿ ಎಳೆಯೋ ವ್ಯಾಕ್ಯೂಮ್ ಸಿಸ್ಟಮ್‌ಗೆ ದುಡ್ಡು ಕೊಡಿ ಅಂತ ಬ್ಯಾಂಕಿನವರನ್ನ ಹೇಗೆ ಕೇಳಲಿ?” ಎಂದರು. ಈ ಮಾತಿಗೆ ನಮ್ಮ ಕಡೆಯ ಯಾರ ಹತ್ತಿರವೂ ಉತ್ತರವಿರಲಿಲ್ಲ.

ಈಗ ನಾನು ಸಾರಾಂಶ ಮಾಡುವಾಗ ಒಟ್ಟು ಅಂಕವನ್ನು ಮುಟ್ಟುವುದೇ ಇಲ್ಲ. ಶೆಡ್ಯೂಲ್‌ಗಳು, ಮಾಲು ಬಂದದ್ದಕ್ಕೆ ಸ್ಟೋರಿನವರು ಬರೆಯುವ ಜಿಆರ್‌ಎನ್, ಲೈನ್ ರಿಜೆಕ್ಷನ್, ಡೀವಿಯೇಷನ್, ದೂರುಗಳ ಮೂಲ ಪಟ್ಟಿಯಿಂದ ಮೊದಲ ವರ್ಷ ಮತ್ತು ಕೊನೆಯ ವರ್ಷವನ್ನು ಒಂದೇ ನಿಯಮದಲ್ಲಿ ಮತ್ತೆ ಲೆಕ್ಕ ಹಾಕುತ್ತೇನೆ, ನಡುವಿನ ವರ್ಷಗಳನ್ನು ಆಮೇಲೆ. ನಿಯಮ ಬದಲಾದ ಕಡೆ ಗ್ರಾಫಿನ ಗೆರೆಯನ್ನು ತುಂಡರಿಸಿ, ಪಕ್ಕದಲ್ಲಿ ಕಾರಣ ಬರೆಯುತ್ತೇನೆ. ಈ ವೆಂಡರ್‌ನ ಪುಟದಲ್ಲಿ ಈಗ ಹೀಗಿದೆ: “ಡೆಲಿವರಿ ಶೇ. 81-82ರಲ್ಲೇ ನಿಂತಿದೆ, ತಡವಾದಾಗಿನ ಅಂತರ ದಿನಗಳಿಂದ ವಾರಗಳಿಗೆ ಏರಿದೆ. ಕ್ವಾಲಿಟಿ 3,000ದಿಂದ 4,000 ಪಿಪಿಎಂಗೆ ಕುಸಿದಿದೆ, ಹೆಚ್ಚಿನದು ಲೀಕ್. ಮೊದಲ ಉತ್ತರ ಬೇಗ ಬರುತ್ತದೆ, ಲೀಕ್ ದೂರು ಮುಗಿಯುವುದಿಲ್ಲ.” 2019-20ರ ಲೈನ್ ರಿಜೆಕ್ಷನ್ ಪುಸ್ತಕ ಸಿಗಲಿಲ್ಲ, ಆ ಮನೆ ಖಾಲಿ ಬಿಟ್ಟಿದ್ದೇನೆ. ಅಂದಾಜಿಗೆ ಏನಾದರೂ ತುಂಬಿ ಎಂದು ಖರೀದಿ ವಿಭಾಗದ ಮುಖ್ಯಸ್ಥರು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಸದ್ಯ ಅದು ಖಾಲಿಯೇ ಇದೆ.