ಮೂರು ವರ್ಷ ಬಳಸಿದ ಕೀಬೋರ್ಡ್: ಗಂಜ್ ಗಂಜಿಯಾದ ಬಗೆ

ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿರುವ ಒಂದು ಅಡತ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ತೊಗರಿಯ ಹಂಗಾಮಿನಲ್ಲಿ ದಿನಕ್ಕೆ ನಲವತ್ತು ಐವತ್ತು ರೈತರಿಗೆ ಮೊಬೈಲಿನಿಂದ ಧಾರಣೆ ತಿಳಿಸುವುದು ನನ್ನ ಕೆಲಸ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡಿಸುವ ಈ ಕೀಬೋರ್ಡನ್ನು ಮೂರು ವರ್ಷ ಬಳಸಿದ್ದೇನೆ. ವೇಗಕ್ಕೆ ಇದು ಒಳ್ಳೆಯದು, ಆದರೆ ತಾನಾಗಿ ಪದ ತಿದ್ದುವ ಇದರ ಗುಣವನ್ನು ನಂಬುವಂತಿಲ್ಲ.

ಕಳೆದ ಹಂಗಾಮಿನಲ್ಲಿ ಆಳಂದ ಕಡೆಯ ಒಬ್ಬ ರೈತರಿಗೆ, "ಇಂದು ಗಂಜಿನಲ್ಲಿ ತೊಗರಿ ಬೆಲೆ ಇಳಿದಿದೆ, ಎರಡು ದಿನ ತಡೆದು ಚೀಲ ತನ್ನಿ" ಎಂದು ಬರೆದೆ. ಅವರಿಗೆ ತಲುಪಿದ್ದು, "ಇಂದು ಗಂಜಿಯಲ್ಲಿ ತೊಗರಿ ಬೇಳೆ ಇಳಿದಿದೆ, ಎರಡು ದಿನ ತಡೆದು ಚೀಲ ತನ್ನಿ" ಎಂಬ ಸಂದೇಶ. ಸ್ವಲ್ಪ ಹೊತ್ತಿಗೆ ಫೋನ್ ಬಂತು: "ಅಣ್ಣಾರೇ, ಗಂಜ್ಯಾಗ ಬ್ಯಾಳಿ ಇಳದದ ಅಂತ ಬರದೀರಿ, ಮನ್ಯಾಗ ಯಾರಿಗರೆ ಆರಾಮಿಲ್ಲೇನ್ರಿ?"

ಎರಡು ತಪ್ಪುಗಳಿಗೂ ಬೇರೆ ಬೇರೆ ಕಾರಣಗಳಿವೆ. ಪದಕೋಶದಲ್ಲಿ ಇಲ್ಲದ ಪದವನ್ನು ಕೀಬೋರ್ಡ್ ತಪ್ಪೆಂದು ಎಣಿಸಿ, ಅದಕ್ಕೆ ಅತಿ ಹತ್ತಿರದ ಬಳಕೆಯ ಪದವನ್ನು ಹುಡುಕುತ್ತದೆ. `ganjinalli` ಎಂಬಲ್ಲಿ ಎರಡನೆಯ `n` ತೆಗೆದು `y` ಇಟ್ಟರೆ ಗಂಜಿಯಲ್ಲಿ ಎಂದಾಗುತ್ತದೆ. ನಮ್ಮೂರಿನ ಮಾರುಕಟ್ಟೆಯ ಹೆಸರು ಅದಕ್ಕೆ ಗೊತ್ತಿಲ್ಲ, ಗಂಜಿ ಗೊತ್ತು. `bele` ಕಥೆ ಇನ್ನೂ ಸೂಕ್ಷ್ಮವಾದದ್ದು. ಆ ನಾಲ್ಕು ಅಕ್ಷರ ಬೆಲೆಯೂ ಆಗಬಹುದು, ಬೆಳೆಯೂ ಆಗಬಹುದು, ಬೇಳೆಯೂ ಆಗಬಹುದು. ಆಗ ಕೀಬೋರ್ಡ್ ಹಿಂದಿನ ಪದವನ್ನು ನೋಡುತ್ತದೆ, ತೊಗರಿಯ ಪಕ್ಕದಲ್ಲಿ ಜನ ಹೆಚ್ಚಾಗಿ ಬರೆಯುವುದು ಬೇಳೆ ಎಂದೇ ಆದ್ದರಿಂದ ಅದನ್ನು ಆರಿಸಿ, ಸ್ಪೇಸ್ ಒತ್ತಿದೊಡನೆ ಕೂರಿಸಿಬಿಡುತ್ತದೆ. ಎರಡೂ ನಿಜವಾದ ಪದಗಳಾಗಿರುವುದರಿಂದ ಅವುಗಳ ಕೆಳಗೆ ಕೆಂಪು ಗೆರೆ ಬೀಳುವುದಿಲ್ಲ.

ಗಂಜಿ ಎಂಬ ಪದ ಇದ್ದುದರಿಂದಲೇ ಆ ರೈತರಿಗೆ ಅನುಮಾನ ಬಂತು. ಬೇಳೆಯೊಂದೇ ತಪ್ಪಾಗಿದ್ದರೆ, ಮಾರುಕಟ್ಟೆಗೆ ಬೇಳೆಯ ಲೋಡ್ ಬಂದು ಇಳಿದಿದೆ ಎಂದು ಅವರು ಓದಿಕೊಳ್ಳುತ್ತಿದ್ದರು, ಧಾರಣೆ ಕುಸಿದದ್ದು ತಿಳಿಯುತ್ತಲೇ ಇರಲಿಲ್ಲ. ಆ ಯೋಚನೆ ನನ್ನನ್ನು ಬಹಳ ದಿನ ಕಾಡಿತು.

ಅಂದೇ ಕೀಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ `Text correction` ತೆರೆದು `Auto-correction` ಆಫ್ ಮಾಡಿದೆ; ಮೇಲಿನ ಸಲಹೆಯ ಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡೆ. ಇದರಿಂದ ಬೆಲೆ, ಬೇಳೆಯ ಗೊಂದಲ ಹೋಗಲಿಲ್ಲ, ಏಕೆಂದರೆ ಇಂಗ್ಲಿಷ್ ಅಕ್ಷರದಿಂದ ಬರೆಯುವವರೆಗೂ ಊಹೆ ತಪ್ಪಿದ್ದಲ್ಲ. ಆದ್ದರಿಂದ ಲ, ಳ ಮತ್ತು ಹ್ರಸ್ವ ದೀರ್ಘಗಳಿಗೆ ಪ್ರತ್ಯೇಕ ಕೀಲಿಗಳಿರುವ ಕನ್ನಡ ವಿನ್ಯಾಸಕ್ಕೆ ಬದಲಾದೆ. ಮೊದಲ ತಿಂಗಳು ಕೈ ನಿಧಾನವಾಯಿತು, ಈಗ ರೂಢಿಯಾಗಿದೆ. `Personal dictionary`ಗೆ ಗಂಜ್ ಎಂದಷ್ಟೇ ಸೇರಿಸಿದ್ದು ಸಾಲಲಿಲ್ಲ. ಗಂಜಿಗೆ, ಗಂಜಿನಲ್ಲಿ, ಗಂಜಿನಿಂದ ಎಂದು ವಿಭಕ್ತಿ ಹಚ್ಚಿದ ಒಂದೊಂದು ರೂಪವನ್ನೂ ಬೇರೆಬೇರೆಯಾಗಿ ಸೇರಿಸಬೇಕಾಯಿತು. ಕನ್ನಡಕ್ಕೆಂದು ಮಾಡಿದ ಸಾಧನವೊಂದು ಪ್ರತ್ಯಯಗಳನ್ನು ತಾನೇ ಅರಿತಿರಬೇಕಿತ್ತು.

5ರಲ್ಲಿ 3 ಅಂಕ ಕೊಡುತ್ತೇನೆ. ಧಾರಣೆಯ ಸಂದೇಶದಲ್ಲಿ ಈಗ "ಬೆಲೆ" ಎಂದು ಬರೆಯದೆ "ಕ್ವಿಂಟಲಿಗೆ ಇಷ್ಟು ರೂಪಾಯಿ" ಎಂದೇ ಬರೆಯುತ್ತೇನೆ.