ಲಾಹಿರಿ, ರಾಮನ್, ಕೆ.ಪಿ.: ಒಂದೇ ಜಾತಕ, ಮೂರು ದಶಾಶೇಷ; ಜೊತೆಗೆ ಎರಡು ರಾಹು

ನನ್ನ ಕಂಪ್ಯೂಟರಿನಲ್ಲಿ ಎರಡು ಜಾತಕ ತಂತ್ರಾಂಶಗಳಿವೆ. ಒಂದೇ ಜನ್ಮವಿವರ ಕೊಟ್ಟಾಗ ಎರಡೂ ಬೇರೆ ಬೇರೆ ದಶಾಶೇಷ ಮುದ್ರಿಸಿದ ಮೇಲೆ, ದೋಷ ಗಣಿತದ್ದೋ ಆಯ್ಕೆಗಳದ್ದೋ ಎಂದು ತಿಳಿಯಲು ಒಂದೇ ಜಾತಕವನ್ನು ಎಲ್ಲ ಆಯ್ಕೆಗಳಲ್ಲಿಯೂ ಹಾಕಿ ನೋಡಿದೆ. ಗಣಿತ ಎರಡರಲ್ಲೂ ಸರಿಯಾಗಿತ್ತು. ವ್ಯತ್ಯಾಸವೆಲ್ಲ ಆಯ್ಕೆಗಳಿಂದ ಬಂದದ್ದು.

ಈ ಕಾಲಕ್ಕೆ ಲಾಹಿರಿ ಅಯನಾಂಶಕ್ಕಿಂತ ರಾಮನ್ ಅಯನಾಂಶ ಸುಮಾರು 1 ಅಂಶ 27 ಕಲೆ ಕಡಿಮೆ, ಕೃಷ್ಣಮೂರ್ತಿ ಪದ್ಧತಿಯದು ಸುಮಾರು 6 ಕಲೆ ಕಡಿಮೆ. ಅಯನಾಂಶ ಕಡಿಮೆಯಾದಷ್ಟು ಗ್ರಹಸ್ಫುಟ ಮುಂದಕ್ಕೆ ಸರಿಯುತ್ತದೆ. ನಾನು ತೆಗೆದುಕೊಂಡ ಜಾತಕದಲ್ಲಿ ಲಾಹಿರಿ ಪ್ರಕಾರ ಚಂದ್ರ ಮೇಷದ 25 ಅಂಶ 40 ಕಲೆಯಲ್ಲಿದ್ದ, ಅಂದರೆ ಭರಣಿ ನಾಲ್ಕನೆಯ ಪಾದ. ನಕ್ಷತ್ರ ಮುಗಿಯಲು 60 ಕಲೆ ಉಳಿದಿತ್ತು. ಶುಕ್ರನ 20 ವರ್ಷ 800 ಕಲೆಗೆ ಹಂಚಿಹೋಗುವುದರಿಂದ ಶಿಷ್ಟ ಶುಕ್ರದಶೆ 1 ವರ್ಷ 6 ತಿಂಗಳು. ಕೆ.ಪಿ. ಆಯ್ಕೆಯಲ್ಲಿ 54 ಕಲೆ ಮಾತ್ರ ಉಳಿದು ಶೇಷ 1 ವರ್ಷ 4 ತಿಂಗಳು ಚಿಲ್ಲರೆಗೆ ಇಳಿಯಿತು. ಎರಡು ತಿಂಗಳಿನ ಈ ಅಂತರ ಮಹಾದಶೆಯ ಮಟ್ಟದಲ್ಲಿ ಸಹ್ಯ. ಅಂತರ್ಭುಕ್ತಿಗಿಂತ ಕೆಳಗೆ ಇಳಿದು ದಿನಾಂಕ ಹೇಳುವವರಿಗೆ ಸಹ್ಯವಲ್ಲ.

ರಾಮನ್ ಆಯ್ಕೆಯಲ್ಲಿ ಆದದ್ದು ಬೇರೆಯೇ. ಚಂದ್ರ 27 ಅಂಶ 7 ಕಲೆಗೆ ಹೋಗಿ ಭರಣಿಯನ್ನು ದಾಟಿ ಕೃತ್ತಿಕಾ ಒಂದನೆಯ ಪಾದಕ್ಕೆ ಬಂದುಬಿಟ್ಟ. ಶುಕ್ರದಶೆಯೇ ಇಲ್ಲವಾಯಿತು; ರವಿದಶೆಯಿಂದ ಆರಂಭ, ಶೇಷ ಸುಮಾರು 5 ವರ್ಷ 9 ತಿಂಗಳು. ಚಂದ್ರದಶೆ ಲಾಹಿರಿಯಲ್ಲಿ ಏಳೂವರೆ ವರ್ಷಕ್ಕೆ ಬಂದರೆ ಇಲ್ಲಿ ಸುಮಾರು 1 ವರ್ಷ 8 ತಿಂಗಳು ಮೊದಲೇ ಬರುತ್ತದೆ. ನವಾಂಶದಲ್ಲಿ ಚಂದ್ರ ವೃಶ್ಚಿಕದಿಂದ ಧನುಸ್ಸಿಗೆ ಹೋಗುತ್ತಾನೆ. ಜನ್ಮನಕ್ಷತ್ರವೇ ಬದಲಾದ್ದರಿಂದ ವಧೂವರರ ಕೂಟಗುಣವನ್ನೂ ಹೊಸದಾಗಿ ಎಣಿಸಬೇಕು. ಬೆಂಗಳೂರಿನ ಬಿ.ವಿ. ರಾಮನ್ ಅವರ ಪ್ರಭಾವದಿಂದ ನಮ್ಮ ಕಡೆ ಈ ಅಯನಾಂಶದಲ್ಲಿ ಬರೆದ ಹಳೆಯ ಜಾತಕಗಳು ಈಗಲೂ ಕೈಗೆ ಬರುತ್ತವೆ. ಅಂಥದನ್ನು ಲಾಹಿರಿಯಲ್ಲಿ ಹಾಕಿ ನೋಡಿ, ಬರೆದವರೇ ತಪ್ಪಿದ್ದಾರೆ ಎನ್ನುವ ಅವಸರ ಬೇಡ.

ಎರಡು ಮುದ್ರಿತ ಪ್ರತಿಗಳು ಎಲ್ಲಿ ಬೇರೆಯಾಗಿವೆ ಎಂಬುದನ್ನು ಹುಡುಕಲು ನಾನು ಮೊದಲು ಶನಿಸ್ಫುಟಗಳನ್ನು ಕಳೆದು ನೋಡುತ್ತೇನೆ. ಶನಿ, ಗುರು, ಲಗ್ನ ಎಲ್ಲವೂ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಅದು ಅಯನಾಂಶ. ಶನಿ ಕದಲದೆ ಚಂದ್ರ ಅರ್ಧ ಅಂಶದಷ್ಟೂ ಲಗ್ನ ಹದಿನೈದು ಅಂಶದಷ್ಟೂ ಸರಿದಿದ್ದರೆ ಒಂದು ಗಂಟೆಯ ಸಮಯದೋಷ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ಮಧ್ಯದವರೆಗಿನ ಯುದ್ಧಕಾಲದ ಗಡಿಯಾರವನ್ನು ಒಂದು ತಂತ್ರಾಂಶ ಲೆಕ್ಕಕ್ಕೆ ತೆಗೆದುಕೊಂಡು ಇನ್ನೊಂದು ಬಿಟ್ಟಿದ್ದರೆ ಹೀಗಾಗುತ್ತದೆ. ಸ್ಫುಟಗಳೆಲ್ಲ ಒಂದೇ ಆಗಿದ್ದು ದಶಾ ದಿನಾಂಕಗಳ ಅಂತರ ಮಾತ್ರ ವಯಸ್ಸಿನೊಂದಿಗೆ ಬೆಳೆಯುತ್ತಾ ಹೋದರೆ, ಒಂದರಲ್ಲಿ ವರ್ಷಕ್ಕೆ 365.25 ದಿನ, ಇನ್ನೊಂದರಲ್ಲಿ 360 ದಿನ ಹಿಡಿಯಲಾಗಿದೆ. ನಲವತ್ತರ ಹೊತ್ತಿಗೆ ಅದು ಏಳು ತಿಂಗಳಾಗುತ್ತದೆ.

ರಾಹು ಕೇತುಗಳು ಮಾತ್ರ ಬೇರೆಯಾಗಿದ್ದರೆ ಕಾರಣ ಮಧ್ಯಮ ರಾಹು ಮತ್ತು ಸ್ಫುಟ ರಾಹು. (ತಂತ್ರಾಂಶದಲ್ಲಿ ಕಾಣುವ ‘ಮೀನ್ ನೋಡ್’ ಎಂಬುದನ್ನು ಮೀನ ರಾಶಿ ಎಂದು ಓದಿದ ಶಿಷ್ಯನೊಬ್ಬ ನನಗಿದ್ದ.) ಮಧ್ಯಮ ರಾಹು ದಿನಕ್ಕೆ ಸುಮಾರು 3 ಕಲೆಯಂತೆ ಎಡೆಬಿಡದೆ ಹಿಂದಕ್ಕೆ ಸಾಗುತ್ತಾನೆ. ಸ್ಫುಟ ರಾಹು ಸೂರ್ಯಾಕರ್ಷಣೆಯಿಂದ ಅದರ ಸುತ್ತ ತೂಗಾಡುತ್ತಾ ಕೆಲವು ದಿನ ಮುಂದಕ್ಕೂ ಚಲಿಸುತ್ತಾನೆ. ಸೂರ್ಯ ರಾಹುಕೇತುಗಳ ಬಳಿ ಇರುವ ಗ್ರಹಣಕಾಲದಲ್ಲಿ ಎರಡೂ ಬಹುತೇಕ ಒಂದೇ. ಸೂರ್ಯ ಅಲ್ಲಿಂದ 45 ಅಂಶ ದೂರವಾದಾಗ ಅಂತರ ಸುಮಾರು ಒಂದೂವರೆ ಅಂಶ. ಹೀಗಾಗಿ ಗ್ರಹಣದ ದಿನಗಳಲ್ಲಿ ಹುಟ್ಟಿದವರ ಜಾತಕದಿಂದ ಈ ಆಯ್ಕೆಯನ್ನು ಪರೀಕ್ಷಿಸಿದರೆ ಏನೂ ತಿಳಿಯದು.

ಪರೀಕ್ಷೆಗೆ ಒಳ್ಳೆಯ ದಿನ 2023ರ ನವೆಂಬರ್ 10. ಲಾಹಿರಿಯಲ್ಲಿ ಮಧ್ಯಮ ರಾಹು ಅಕ್ಟೋಬರ್ 30ಕ್ಕೇ ಮೀನಕ್ಕೆ ಹೋಗಿದ್ದ. ಸ್ಫುಟ ರಾಹು ಹೋದದ್ದು ನವೆಂಬರ್ ಕೊನೆಗೆ. ಸ್ವಿಸ್ ಎಫೆಮೆರಿಸ್‌ನ ಪರೀಕ್ಷಾ ಆದೇಶದಿಂದ ಇದನ್ನು ಯಾವ ತಂತ್ರಾಂಶದ ಹಂಗೂ ಇಲ್ಲದೆ ನೋಡಬಹುದು:

```
swetest -b10.11.2023 -ut00:00:00 -p1mt -sid1 -fPZ
```

ಇಲ್ಲಿ `1` ಚಂದ್ರ, `m` ಮಧ್ಯಮ, `t` ಸ್ಫುಟ. `-sid1` ಲಾಹಿರಿ, `-sid3` ರಾಮನ್, `-sid5` ಕೃಷ್ಣಮೂರ್ತಿ. ಸಮಯ ಗ್ರೀನ್‌ವಿಚ್‌ನದು, ನಮ್ಮ ಬೆಳಗಿನ 5:30. ಆ ಮುಂಜಾನೆ ಹುಟ್ಟಿದ ಮಗುವಿಗೆ ಮಧ್ಯಮ ರಾಹು ರೇವತಿ ನಾಲ್ಕನೆಯ ಪಾದದಲ್ಲಿ, ಸ್ಫುಟ ರಾಹು ಅಶ್ವಿನಿ ಒಂದನೆಯ ಪಾದದಲ್ಲಿ ಬರುತ್ತಾನೆ: ರಾಶಿ, ನಕ್ಷತ್ರ, ನಕ್ಷತ್ರಾಧಿಪತಿ ಮೂರೂ ಬೇರೆ.

ಸೂರ್ಯಸಿದ್ಧಾಂತದ ಪಾತಗಣಿತವೂ ಏಕರೂಪದ ಗತಿಯದೇ ಆದ್ದರಿಂದ ನಾನು ಲಾಹಿರಿಯೊಂದಿಗೆ ಮಧ್ಯಮ ರಾಹುವನ್ನೇ ಇಟ್ಟುಕೊಂಡಿದ್ದೇನೆ. ಸ್ಫುಟ ರಾಹು ಆಕಾಶಕ್ಕೆ ಹತ್ತಿರ ಎಂಬ ವಾದವನ್ನು ತಳ್ಳಿಹಾಕಲಾರೆ. ಆದರೆ ಆ ಕೆಲವು ದಿನಗಳ ಮುನ್ನಡೆಯನ್ನು ಫಲಭಾಗದಲ್ಲಿ ಹೇಗೆ ಓದಬೇಕೆಂದು ನನಗೆ ಯಾರೂ ಕಲಿಸಲಿಲ್ಲ. ರಾಹು ರಾಶಿಸಂಧಿಯಿಂದ ಎರಡು ಅಂಶದೊಳಗಿದ್ದರೆ ಎರಡನ್ನೂ ತೆಗೆದು ನೋಡುತ್ತೇನೆ. ಜಾತಕದ ಮೊದಲ ಪುಟದಲ್ಲಿ ಅಯನಾಂಶದ ಹೆಸರು, ಆ ದಿನದ ಅದರ ಅಂಶ ಕಲೆ, ರಾಹು ಯಾವುದು, ದಶಾವರ್ಷಕ್ಕೆ ಎಷ್ಟು ದಿನ ಎಂಬ ನಾಲ್ಕನ್ನು ಕೈಯಿಂದಲೇ ಬರೆದು ಕೊಡುತ್ತೇನೆ.