ಬೈ-ಸೈಡ್, ಸೆಲ್-ಸೈಡ್: ಷೇರು ಅನಲಿಸ್ಟ್ ಆಗಿ ಮೊದಲ ಕೆಲಸಕ್ಕೆ ಯಾವುದು?

ಕಲಬುರಗಿಯವರಿಗೆ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಗೊತ್ತೇ ಇವೆ, ಅಲ್ವಾ? ಅಂಥ ಒಂದು ಕಂಪನಿಯ ಮೂರು ತಿಂಗಳ ಫಲಿತಾಂಶ ಸಂಜೆ ಬಂತು ಅಂದುಕೊಳ್ಳಿ. ಸೆಲ್-ಸೈಡ್, ಅಂದ್ರೆ ಬ್ರೋಕರೇಜ್‌ನ ಅನಲಿಸ್ಟ್ ರಾತ್ರಿಯೇ ಎಕ್ಸೆಲ್ ತೆರೆದು, ಟನ್‌ಗೆ ಎಷ್ಟು ಲಾಭ ಉಳಿಯಿತು ಅಂತ ಲೆಕ್ಕ ಹಾಕಿ, ಬೆಳಗ್ಗೆ ಮಾರ್ಕೆಟ್ ಶುರುವಾಗುವ ಮೊದಲೇ ವರದಿ ಕಳಿಸಬೇಕು. ಆಮೇಲೆ ಗ್ರಾಹಕರಿಗೆ ಫೋನ್.

ಆ ಗ್ರಾಹಕರೇ ಬೈ-ಸೈಡ್: ಮ್ಯೂಚುವಲ್ ಫಂಡ್, ವಿಮಾ ಕಂಪನಿಯವರು. ಇಂಥ ಹಲವು ವರದಿ ಓದಿ, ಸಿಮೆಂಟ್ ಡೀಲರ್‌ಗಳನ್ನೂ ವಿಚಾರಿಸಿ, ಷೇರು ಕೊಳ್ಳಬೇಕೋ ಬೇಡವೋ ತೀರ್ಮಾನಿಸುತ್ತಾರೆ. ತಪ್ಪಿದರೆ ಜನರ ದುಡ್ಡು ಕರಗುತ್ತದೆ. ತಂಡಗಳೂ ಚಿಕ್ಕವು, ಹೊಸಬರಿಗೆ ಜಾಗ ಕಡಿಮೆ.

ನನ್ನ ಪ್ರಕಾರ ಮೊದಲ ಎರಡು-ಮೂರು ವರ್ಷ ಸೆಲ್-ಸೈಡೇ ಒಳ್ಳೆಯದು. ನಿದ್ದೆ ಕೆಡುತ್ತದೆ, ಆದರೆ ಲೆಕ್ಕ ಕೈಗೆ ಹತ್ತುತ್ತದೆ. ಸಂದರ್ಶನದಲ್ಲಿ ಒಂದು ಕೇಳಿ: ಕಂಪನಿಯ ಲಾಭ ಅಂದಾಜು ಮಾಡುವ ಎಕ್ಸೆಲ್ ಮಾಡೆಲ್ ನಾನೇ ಕಟ್ಟುತ್ತೇನಾ, ಸುಮ್ನೆ ಅಂಕಿ ತುಂಬುತ್ತೇನಾ?